ಸಂಪಾದಕರಿಗೆ ಮೇಲ್ ಬರೆಯುವ ಮುನ್ನ: ಒಂದು 'ತೊಗರಿ'ಯ ಕತೆ

ಕಲಬುರಗಿಯ ಗಂಜ್‌ನಲ್ಲಿ ಒಂದು ಅಡತಿ ಅಂಗಡಿಗೆ ನಾನು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಒಂದು ದಿನ ಸಾವ್ಕಾರರು ಫೋನ್ ಮಾಡಿದರು. "ತೊಗರಿ ಅಂತ ಹೊಡದ್ರ ಹಳೇ ಚೀಟಿ ಒಂದೂ ಬರವಲ್ದಲ್ರೀ!" ಹೋಗಿ ನೋಡಿದೆ. ಹಳೆಯ ಚೀಟಿಯಲ್ಲೂ 'ತೊಗರಿ' ಅಂತಲೇ ಇತ್ತು, ಹೊಸದರಲ್ಲೂ ಅದೇ. ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸ ಇಲ್ಲ. ಆದರೆ ಡೇಟಾಬೇಸ್‌ನಲ್ಲಿ ಉದ್ದ ಕೇಳಿದರೆ ಒಂದಕ್ಕೆ 5, ಇನ್ನೊಂದಕ್ಕೆ 6 ಅಂತ ಬಂತು.

ಕಾರಣ 'ತೊ'ನಲ್ಲಿತ್ತು. ಯೂನಿಕೋಡ್‌ನಲ್ಲಿ ೊ ಚಿಹ್ನೆಯನ್ನು U+0CCA ಎಂಬ ಒಂದೇ ಸಂಕೇತವಾಗಿ ಇಡಬಹುದು. U+0CC6 ಮತ್ತು U+0CC2 ಎಂಬ ಎರಡು ಸಂಕೇತಗಳನ್ನು ಜೋಡಿಸಿಯೂ ಇಡಬಹುದು. ಹಳೆಯ ಫಾಂಟ್‌ನಲ್ಲಿದ್ದ ಪಟ್ಟಿಯನ್ನು ಯೂನಿಕೋಡ್‌ಗೆ ಬದಲಿಸುವಾಗ ಎರಡನೆಯ ಬಗೆ ಒಳಗೆ ಸೇರಿಕೊಂಡಿತ್ತು.

ಇದನ್ನು ಬೇರೆ ಎಂಜಿನಿಯರ್‌ಗಳಿಗೆ ಹೇಳಲೇಬೇಕು ಅನಿಸಿತು. ತಂತ್ರಜ್ಞಾನದ ಲೇಖನ ಪ್ರಕಟಿಸುವ ಒಬ್ಬ ಸಂಪಾದಕರಿಗೆ ಮೇಲ್ ಕಳಿಸಿದೆ: "ನನಗೆ ಆರು ವರ್ಷದ ಅನುಭವವಿದೆ. ಕನ್ನಡ ಮತ್ತು ಯೂನಿಕೋಡ್ ಬಗ್ಗೆ ಬರೆಯಲು ಆಸಕ್ತಿ ಇದೆ. ಅವಕಾಶ ಕೊಡಿ." ಉತ್ತರ ಬರಲಿಲ್ಲ. ಈಗ ಓದಿದರೆ ಯಾಕೆ ಅಂತ ಗೊತ್ತಾಗುತ್ತದೆ. ಅದರಲ್ಲಿ ನಾನಿದ್ದೆ, ತೊಗರಿ ಇರಲಿಲ್ಲ. ಲೇಖನದಲ್ಲಿ ಏನಿರುತ್ತದೆ ಎಂದು ಸಂಪಾದಕರು ಊಹಿಸಬೇಕಿತ್ತು.

ಮೊದಲು ಹುಡುಕಿ

ಬರೆಯುವ ಮುಂಚೆ ಆ ತಾಣದ ಬರಹಗಾರರ ನಿಯಮ ಓದಿ. ಕೆಲವರು ಪ್ರಸ್ತಾಪ ಕೇಳುತ್ತಾರೆ, ಕೆಲವರು ಪೂರ್ತಿ ಲೇಖನವನ್ನೇ ಕೇಳುತ್ತಾರೆ. ಆಮೇಲೆ ನಿಮ್ಮ ವಿಷಯ ಅಲ್ಲಿ ಈಗಾಗಲೇ ಬಂದಿದೆಯೇ ನೋಡಿ. ಗೂಗಲ್‌ನಲ್ಲಿ ಹೀಗೆ ಹುಡುಕಬಹುದು, `example.com` ಇರುವಲ್ಲಿ ಆ ತಾಣದ ವಿಳಾಸ ಹಾಕಿ:

```
site:example.com unicode normalization
```

ನಾನು ಹುಡುಕಿದಾಗ ಯೂನಿಕೋಡ್ ಪರಿಚಯದ ಲೇಖನ ಸಿಕ್ಕಿತು. ಭಾರತೀಯ ಭಾಷೆಯ ಹುಡುಕಾಟ ತಪ್ಪುವ ಬಗ್ಗೆ ಏನೂ ಇರಲಿಲ್ಲ. ಹಳೆಯ ಲೇಖನ ಎಲ್ಲಿಗೆ ನಿಂತಿದೆ, ನಿಮ್ಮದು ಎಲ್ಲಿಂದ ಶುರುವಾಗುತ್ತದೆ ಎಂದು ಮೇಲ್‌ನಲ್ಲಿ ಒಂದು ಸಾಲು ಬರೆಯಿರಿ. ನೀವು ಅವರ ತಾಣ ಓದಿದ್ದೀರಿ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೇಲ್ ಬರೆಯುವುದು

ವಿಷಯದ ಸಾಲಿನಲ್ಲಿ 'ಅತಿಥಿ ಲೇಖನಕ್ಕೆ ಅವಕಾಶ' ಅಂತ ಹಾಕಬೇಡಿ. ಜಾಹೀರಾತಿನ ಲಿಂಕ್ ತೂರಿಸಲು ಬರುವ ಮೇಲ್‌ಗಳೂ ಹೀಗೇ ಇರುತ್ತವೆ. ಲೇಖನದ ತಲೆಬರಹವನ್ನೇ ಹಾಕಿ. ನನ್ನ ಎರಡನೆಯ ಮೇಲ್ ಹೀಗಿತ್ತು:

> ವಿಷಯ: ಲೇಖನ ಪ್ರಸ್ತಾಪ – ಒಂದೇ 'ತೊಗರಿ', ಡೇಟಾಬೇಸ್‌ಗೆ ಎರಡು
>
> ಸಂಪಾದಕರಿಗೆ ನಮಸ್ಕಾರ.
>
> ಕಲಬುರಗಿಯ ಒಂದು ಅಂಗಡಿಯ ಲೆಕ್ಕದಲ್ಲಿ 'ತೊಗರಿ' ಹುಡುಕಿದರೆ ಹಳೆಯ ಚೀಟಿಗಳು ಸಿಗುತ್ತಿರಲಿಲ್ಲ. ಒಂದೇ ಪದ ಎರಡು ಬಗೆಯ ಸಂಕೇತಗಳಲ್ಲಿ ಕೂತಿತ್ತು. ನಿಮ್ಮಲ್ಲಿ ಯೂನಿಕೋಡ್ ಪರಿಚಯದ ಲೇಖನವಿದೆ. ನನ್ನದು ಅದರ ಮುಂದಿನ ಹೆಜ್ಜೆ.
>
> ತಪ್ಪು ಕಂಡ ಬಗೆ, ಅದರ ಕಾರಣ, ಪೋಸ್ಟ್‌ಗ್ರೆಸ್‌ನಲ್ಲಿ ಅಂಥ ಸಾಲು ಹುಡುಕಿ ಸರಿಪಡಿಸುವುದು, ಮತ್ತು ಇದರಿಂದ ಸರಿಹೋಗದ ಒಂದು ತೊಂದರೆ – ಈ ಕ್ರಮದಲ್ಲಿ ಬರೆಯುತ್ತೇನೆ. ಸುಮಾರು 1,200 ಪದ. ಒಪ್ಪಿದರೆ ಎರಡು ವಾರದಲ್ಲಿ ಕಳಿಸುತ್ತೇನೆ.
>
> ಇದು ಬೇರೆಲ್ಲೂ ಪ್ರಕಟವಾಗಿಲ್ಲ. ಅಂಗಡಿಯವರ ಒಪ್ಪಿಗೆ ಇದೆ, ಅವರ ಹೆಸರು, ಲೆಕ್ಕ ಬರುವುದಿಲ್ಲ. ಈ ಸಾಫ್ಟ್‌ವೇರ್ ಮಾಡಿದ್ದು ನಾನೇ. ನನ್ನ ಹಿಂದಿನ ಎರಡು ಬರಹಗಳ ಲಿಂಕ್ ಕೆಳಗಿದೆ.

'ಸರಿಹೋಗದ ಒಂದು ತೊಂದರೆ' ಎಂಬ ಮಾತು ನನಗೆ ಬಹಳ ಮುಖ್ಯ. ಪದದ ನಡುವೆ ಕಣ್ಣಿಗೆ ಕಾಣದ U+200C ಎಂಬ ಸಂಕೇತ ಇದ್ದರೆ, ಜೋಡಿ ಸಂಕೇತವನ್ನು ಒಂದಾಗಿಸುವ ಈ ದುರಸ್ತಿ ಅದನ್ನು ತೆಗೆಯುವುದಿಲ್ಲ. ಮಿತಿ ಹೇಳದೆ ಬರೆದರೆ ಓದುಗ ಅದನ್ನೇ ನಂಬಿ ಮೋಸ ಹೋಗುತ್ತಾನೆ, ಅಲ್ವಾ?

ಮೇಲ್‌ಗೆ ಕೋಡ್ ಫೈಲ್ ಅಂಟಿಸಬೇಡಿ. ತೀರಾ ಬೇಕಾದರೆ ನಾಲ್ಕೈದು ಸಾಲು ಮೇಲ್‌ನಲ್ಲೇ ಇರಲಿ. ಜೋಡಿ ಸಂಕೇತದಲ್ಲಿ ಕೂತ ಹೆಸರುಗಳನ್ನು ಹುಡುಕಲು ನಾನು ಇಷ್ಟು ಹಾಕಿದ್ದೆ:

```sql
SELECT hesaru FROM saraku
WHERE hesaru IS NOT NFC NORMALIZED;
```

ಇದು ಪೋಸ್ಟ್‌ಗ್ರೆಸ್ 13ರಿಂದ ಈಚೆಗೆ ಮಾತ್ರ ನಡೆಯುತ್ತದೆ, ಅದೂ ಡೇಟಾಬೇಸ್ UTF8ನಲ್ಲಿದ್ದರೆ. ಅದನ್ನೂ ಪಕ್ಕದಲ್ಲೇ ಬರೆದೆ. ಕಳಿಸುವ ಮುಂಚೆ ಖಾಲಿ ಡೇಟಾಬೇಸ್‌ನಲ್ಲಿ ಎರಡು ಬಗೆಯ 'ತೊಗರಿ' ಹಾಕಿ ಓಡಿಸಿ ನೋಡಿದೆ.

ಕಳಿಸಿದ ಮೇಲೆ

ಒಂದೇ ಪ್ರಸ್ತಾಪವನ್ನು ಒಂದೇ ಸಲ ಇಬ್ಬರಿಗೆ ಕಳಿಸಬೇಡಿ. ಇಬ್ಬರೂ ಒಪ್ಪಿದರೆ ಒಬ್ಬರ ಮುಂದೆ ಮಾತು ತಪ್ಪಿದಂತಾಗುತ್ತದೆ. ಹತ್ತು ದಿನ ಕಾಯಿರಿ, ಅದೇ ಮೇಲ್‌ಗೆ ಎರಡು ಸಾಲಿನ ನೆನಪೋಲೆ ಹಾಕಿ. ಆಗಲೂ ಉತ್ತರ ಇಲ್ಲ ಅಂದರೆ ಬೇರೆ ಕಡೆ ಕಳಿಸುತ್ತಿದ್ದೇನೆ ಎಂದು ತಿಳಿಸಿ ಮುಂದೆ ಹೋಗಿ.

ನನಗೆ ಐದನೆಯ ದಿನ ಉತ್ತರ ಬಂತು. ಒಪ್ಪಿಗೆ ಅಲ್ಲ, ಒಂದು ಪ್ರಶ್ನೆ: "ಹಳೆಯ ಸಾಲು ಸರಿ ಮಾಡಿದಿರಿ. ನಾಳೆ ಯಾರಾದರೂ ಹಳೆಯ ಬಗೆಯಲ್ಲೇ ಟೈಪ್ ಮಾಡಿದರೆ?" ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅವತ್ತೇ ರಾತ್ರಿ ಕೂತು, ಹುಡುಕುವ ಪದವನ್ನೂ ಹೊಸದಾಗಿ ಸೇರುವ ಪದವನ್ನೂ, ಎರಡು ಬಗೆಯನ್ನು ಒಂದೇ ಬಗೆಗೆ ತರುವ `normalize()` ಮೂಲಕ ಹಾಯಿಸಿದೆ. ಅದನ್ನು ಲೇಖನದ ಐದನೆಯ ಭಾಗವಾಗಿ ಸೇರಿಸುತ್ತೇನೆ ಎಂದು ಮರುದಿನ ಬರೆದೆ. ಸಂಜೆಗೆ ಒಪ್ಪಿಗೆ ಬಂತು.