ವಾಪಸು ಮಾಲಿನ ಮಾತನ್ನು ಮೇಲ್‌ನ ಮೊದಲ ಸಾಲಿಗೆ ತಂದೆ

ಬೈಕಂಪಾಡಿಯ ನಮ್ಮ ಚಿಪ್ಸ್ ಘಟಕದ ತಿಂಗಳ ವರದಿ ಕಳುಹಿಸುವುದು ನನ್ನ ಕೆಲಸ. ಜುಲೈಯಲ್ಲಿ ಅಂಗಡಿಗಳಿಂದ ವಾಪಸು ಬಂದ ಪೆಟ್ಟಿಗೆಗಳು ನೂರಕ್ಕೆ 2ರಿಂದ 5ಕ್ಕೆ ಏರಿದ್ದವು. ಅದು ವರದಿಯ ಒಂಬತ್ತನೇ ಪುಟದಲ್ಲಿತ್ತು. ಮೇಲ್‌ನಲ್ಲಿ ‘ವರದಿ ಲಗತ್ತಿಸಿದೆ’ ಎಂದಷ್ಟೇ ಬರೆದಿದ್ದೆ. ಯಾರೂ ಉತ್ತರಿಸಲಿಲ್ಲ.

ಮತ್ತೆ ಬರೆಯುವ ಮೊದಲು ಲೆಕ್ಕ ಸರಿಮಾಡಿದೆ. ಜುಲೈಯಲ್ಲಿ ಮರಳಿದ್ದು ಬಹುಪಾಲು ಜೂನ್‌ನಲ್ಲಿ ಕಳುಹಿಸಿದ ಮಾಲು. ಅದನ್ನು ಜುಲೈಯ ಮಾರಾಟಕ್ಕೆ ಹೋಲಿಸಿದರೆ, ಮಳೆಗೆ ಮಾರಾಟ ಕುಸಿದದ್ದೂ ವಾಪಸಾತಿಯ ಏರಿಕೆಯಂತೆ ಕಾಣುತ್ತದೆ. ಬ್ಯಾಚ್ ನಂಬರ್ ನೋಡಿ, ಕಳುಹಿಸಿದ ತಿಂಗಳಿಗೇ ಜೋಡಿಸಿದೆ. 5 ಇದ್ದದ್ದು 4 ಆಯಿತು. ಆದರೂ ಅದು ದುಪ್ಪಟ್ಟೇ.

ಈ ಬಾರಿಯ ಮೇಲ್ ಹೀಗಿತ್ತು:

“ಸರ್, ಜೂನ್‌ನಲ್ಲಿ ಕಳುಹಿಸಿದ ಪ್ರತಿ ನೂರು ಪೆಟ್ಟಿಗೆಗಳಲ್ಲಿ 4 ವಾಪಸು ಬಂದಿವೆ, ಮೇ ತಿಂಗಳಿನದು 2. ಹೆಚ್ಚಿನವು ಎರಡನೇ ಸೀಲಿಂಗ್ ಯಂತ್ರದವು, ದೂರು ‘ಮೆತ್ತಗಾಗಿದೆ’ ಎಂದು. ಸೀಲ್ ಸೋರುತ್ತಿದೆ ಎಂಬುದು ನನ್ನ ಅನುಮಾನ, ಖಚಿತವಿಲ್ಲ. ಶುಕ್ರವಾರದೊಳಗೆ ಯಂತ್ರ ನಿಲ್ಲಿಸಿ ಪರೀಕ್ಷಿಸಲು ಅನುಮತಿ ಬೇಕು. ವಿವರ ಪುಟ 9ರಲ್ಲಿದೆ.”

ಅನುಮಾನವನ್ನು ಅನುಮಾನವೆಂದೇ ಬರೆದದ್ದು ಒಳ್ಳೆಯದಾಯಿತು. ಯಂತ್ರ ನಡೆಸುವವರು ತಮ್ಮ ಮೇಲೆ ತಪ್ಪು ಹೊರಿಸಿದರೆಂದು ಮುನಿಯಲಿಲ್ಲ. ಅದೇ ಸಂಜೆ ಸರ್ ಫೋನ್ ಮಾಡಿದರು. ಪ್ಯಾಕೆಟ್‌ಗಳನ್ನು ನೀರಿನ ಬಕೆಟ್‌ನಲ್ಲಿ ಮುಳುಗಿಸಿ ಒತ್ತಿದೆವು. ಅಡ್ಡ ಸೀಲ್‌ನ ಮೂಲೆಯಿಂದ ಗುಳ್ಳೆ ಎದ್ದಿತು. ಬಿಸಿ ಪಟ್ಟಿಯ ಮೇಲಿನ ಟೆಫ್ಲಾನ್ ಹಾಳೆ ಸವೆದಿತ್ತು, ಅಂದೇ ಬದಲಾಯಿಸಿದೆವು.