ಕೂಲರ್ ಸಾಲ ಕಾರ್ಡಿನಿಂದ ಇಳಿಸಿದ್ದು: ನನ್ನ ಅನುಭವ

ಕಲಬುರಗಿಯಲ್ಲಿ ನನ್ನದು ಸಣ್ಣ ಎಲೆಕ್ಟ್ರಿಕಲ್ ಅಂಗಡಿ. ಬೇಸಿಗೆಗೆ ಮುಂಚೆ, ಮಾರ್ಚ್ 14ಕ್ಕೆ, ಸುಮಾರು 60 ಸಾವಿರದ ಕೂಲರ್‌ಗಳನ್ನು ಕ್ರೆಡಿಟ್ ಕಾರ್ಡ್ ಮೇಲೆ ತಂದೆ. ಆ ವರ್ಷ ಮೇ ಶುರುವಿಗೇ ಮಳೆ ಬಂತು, ಅರ್ಧ ಮಾಲು ಗೋದಾಮಿನಲ್ಲೇ ಕುಂತಿತು.

ನನ್ನ ಬಿಲ್ ಪ್ರತಿ ತಿಂಗಳು 12ಕ್ಕೆ ಬರುತ್ತದೆ, ಕಟ್ಟುವ ಕೊನೆ ದಿನ ಮುಂದಿನ ತಿಂಗಳ 2. ಏಪ್ರಿಲ್ 12ರ ಬಿಲ್‌ನಲ್ಲಿ ಒಟ್ಟು 60 ಸಾವಿರ, ಮಿನಿಮಮ್ ಡ್ಯೂ 3 ಸಾವಿರ, ಅಂದರೆ 5 ಪರ್ಸೆಂಟ್. ಮೇ 2ಕ್ಕೆ ಆ 3 ಸಾವಿರ ಕಟ್ಟಿದೆ. ಮೇ 12ರ ಬಿಲ್ ತೆಗೆದರೆ ಬಾಕಿ ಹತ್ತಿರ ಹತ್ತಿರ 61,900! ಕಟ್ಟಿದ ಮೇಲೆ ಸಾಲ ಏರಿದೆ, ಇಳಿದಿಲ್ಲ.

ಲೆಕ್ಕ ಹೀಗಿದೆ. ನನ್ನ ಕಾರ್ಡಿನ ಬಡ್ಡಿ ತಿಂಗಳಿಗೆ 3.6 ಪರ್ಸೆಂಟ್, ದಿನಕ್ಕೆ 60 ಸಾವಿರದ ಮೇಲೆ 71 ರೂಪಾಯಿ ಆಯ್ತು. ಪೂರ್ತಿ ಕಟ್ಟದಿದ್ದರೆ ಬಡ್ಡಿರಹಿತ ದಿನಗಳು ಹೋಗುತ್ತವೆ, ಬಡ್ಡಿ ಮೇ 2ರಿಂದಲ್ಲ, ಮಾಲು ಕೊಂಡ ಮಾರ್ಚ್ 14ರಿಂದಲೇ ಓಡುತ್ತದೆ. 49 ದಿನಕ್ಕೆ ಸುಮಾರು 3,500. ಉಳಿದ 57 ಸಾವಿರದ ಮೇಲೆ ಮತ್ತೆ ಹತ್ತು ದಿನಕ್ಕೆ 670. ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅದು 750. ಕೂಡಿಸಿ ನೋಡಿ. ಮಿನಿಮಮ್ ಕಟ್ಟಿದ್ದರಿಂದ ಲೇಟ್ ಫೀ ತಪ್ಪಿತು, ಅಷ್ಟೇ.

ಇನ್ನೂ ಒಂದಿದೆ. ಹಳೇ ಬಾಕಿ ಇರುವಾಗ ಹೊಸದಾಗಿ ಐನೂರು ರೂಪಾಯಿ ಪೆಟ್ರೋಲ್ ಹಾಕಿಸಿದರೂ ಅದಕ್ಕೂ ಅದೇ ದಿನದಿಂದ ಬಡ್ಡಿ. ಹಾಗಾಗಿ ಕಾರ್ಡನ್ನು ಹೆಂಡತಿ ಕೈಗೆ ಕೊಟ್ಟೆ, ಅವಳಿಗೂ ಪಿನ್ ಹೇಳಲಿಲ್ಲ.

ಆಮೇಲೆ ಮಾಡಿದ್ದು ಇಷ್ಟು. ಬಿಲ್ ಬಂದ ಮರುದಿನ, 13ಕ್ಕೇ, ಮಿನಿಮಮ್ ಪೂರ್ತಿ ಒಮ್ಮೆಗೇ ಕಟ್ಟುವುದು. ನಂತರ ಪ್ರತಿ ರಾತ್ರಿ ಗಲ್ಲಾ ಎಣಿಸಿ 200, 300, ವ್ಯಾಪಾರ ಚೆನ್ನಾಗಿದ್ದರೆ 500, ಮೊಬೈಲಿನಿಂದಲೇ ಕಾರ್ಡಿಗೆ ಹಾಕುವುದು. ಬಡ್ಡಿ ದಿನದ ಬಾಕಿ ಮೇಲೆ ಬೀಳುತ್ತದೆ, ಕೊನೆ ದಿನದವರೆಗೆ ಕಾಯುವುದರಲ್ಲಿ ಏನೂ ಲಾಭವಿಲ್ಲ. ಸಾವಿರ ರೂಪಾಯಿ 20 ದಿನ ಮುಂಚೆ ಹಾಕಿದರೆ ಉಳಿಯುವುದು 28 ರೂಪಾಯಿ, ಜಾಸ್ತಿ ಅಲ್ಲ. ಆದರೆ ಗಲ್ಲಾದಲ್ಲಿ ಬಿಟ್ಟ ದುಡ್ಡು ಮರುದಿನ ಇರುವುದಿಲ್ಲ ಅಲ್ವಾ?

ಪಕ್ಕದ ಚಾದ ಅಂಗಡಿ ಕಾಕಾ ದಿನಾ ನಗುತ್ತಿದ್ದರು, 'ಇನ್ನೂರು ಮುನ್ನೂರು ಹಾಕಿದ್ರ ಸಾಲ ಹರಿತದೇನು ತಮ್ಮಾ?' ಅಂತ. ಏಳೆಂಟು ತಿಂಗಳಲ್ಲಿ ಹರಿಯಿತು. ಬಡ್ಡಿ, ಜಿಎಸ್‌ಟಿ ಸೇರಿ ನನಗೆ 14-15 ಸಾವಿರ ಹೋಗಿರಬೇಕು. ಉಳಿದ ಕೂಲರ್‌ಗಳನ್ನು ಮಳೆಗಾಲದಲ್ಲಿ ಯಾರಿಗೆ ಮಾರಿದೆ ಅಂತ ಮಾತ್ರ ಇಲ್ಲಿ ಬರೆಯಲ್ಲ, ಇನ್ನೊಂದು ಸೀಸನ್ ಬೇಕಾಗುತ್ತದೆ.

ನನ್ನ ನೋಡಿ ಹೆಂಡತಿಯ ತಮ್ಮನೂ ಶುರು ಮಾಡಿದ, ಅವನದೂ 12ರ ಬಿಲ್. ಆದರೆ 11ಕ್ಕೆ ಹತ್ತು ಸಾವಿರ ಹಾಕಿ, ಆ ತಿಂಗಳದ್ದು ಮುಗೀತು ಅಂತ ಸುಮ್ನೆ ಕುಂತ. ಬಿಲ್ ಬರುವ ಮುಂಚೆ ಹಾಕಿದ್ದು ಬಾಕಿ ಇಳಿಸುತ್ತದೆ, ಆದರೆ ಮರುದಿನ ಬರುವ ಬಿಲ್‌ನ ಮಿನಿಮಮ್‌ಗೆ ಲೆಕ್ಕಕ್ಕೆ ಬರುವುದಿಲ್ಲ. ಅವನಿಗೆ ಲೇಟ್ ಫೀ ಬಿತ್ತು. ಕೊನೆ ದಿನ ದಾಟಿ ಮೂರು ದಿನದವರೆಗೆ ಲೇಟ್ ಫೀ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ, ಇವನು ಅದನ್ನೂ ದಾಟಿದ್ದ. ಆ ಫೀಯನ್ನು ಫೋನಿನಲ್ಲಿ ಹೇಗೆ ವಾಪಸ್ ತರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಬಿಲ್ ತಾರೀಖು ಒಮ್ಮೆಯಾದರೂ ಬದಲಿಸಿಕೊಳ್ಳಲು ಅದೇ ನಿಯಮದಲ್ಲಿ ಅವಕಾಶವಿದೆ. ಅವನ ಗಿರಾಕಿಗಳು ಪಗಾರದವರು, ಮೊದಲ ವಾರ ವ್ಯಾಪಾರ ಜೋರು. ಅದಕ್ಕೆ ಅವನ ಕೊನೆ ದಿನವನ್ನು 10ರ ಆಸುಪಾಸಿಗೆ ತಳ್ಳಿಸಿದೆವು. ನಾನು ನನ್ನದನ್ನು ಮುಟ್ಟಲಿಲ್ಲ.

ಕೊನೆಯ ಬಿಲ್‌ನಲ್ಲಿ 6 ಸಾವಿರ ಉಳಿದಿತ್ತು, 25ಕ್ಕೆ ಪೂರ್ತಿ ಕಟ್ಟಿದೆ. ಆದರೂ ಮುಂದಿನ ಬಿಲ್‌ನಲ್ಲಿ ನೂರು ಚಿಲ್ಲರೆ ಬಂತು. ಕಾಕಾಗೆ ಮತ್ತೆ ನಗು. ಅದು ಮೋಸ ಅಲ್ಲ, ಬಿಲ್ ಬಂದ 12ರಿಂದ 25ರವರೆಗಿನ ಬಡ್ಡಿ ಮತ್ತು ಜಿಎಸ್‌ಟಿ. ಸಣ್ಣದು ಅಂತ ಬಿಟ್ಟವರಿಗೆ ಅದರ ಮೇಲೂ ಲೇಟ್ ಫೀ ಬೀಳಬಹುದು. ಅದನ್ನೂ ಕಟ್ಟಿ, ಮುಂದಿನ ಬಿಲ್ ಸೊನ್ನೆ ಬಂದ ಮೇಲೆಯೇ ಕಾರ್ಡ್ ಹೊರಗೆ ತೆಗೆದೆ.

ಈಗ ಮಾಲು ತರುವುದು 13 ಅಥವಾ 14ಕ್ಕೆ ಮಾತ್ರ, ಆಗ ಕಟ್ಟಲು ಸುಮಾರು 50 ದಿನ ಸಿಗುತ್ತದೆ. ಅದೇ ಮಾಲನ್ನು 11ಕ್ಕೆ ತಂದರೆ ಮರುದಿನವೇ ಬಿಲ್, ಸಿಗುವುದು ಮೂರು ವಾರ.