ಅಜ್ಜನ ಕಣ್ಣು ಕೈಯಲ್ಲಿ ತೆರೆಸಿದೆ, ಫೌಜಿಯ ಮುಖಕ್ಕೆ ಎಐ ಹಿಡಿದೆ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಕಳೆದ ಸೀಸನ್‌ನ ಒಂದು ಮದುವೆಯಲ್ಲಿ ಒಂದೇ ಗ್ರೂಪ್ ಫೋಟೋಗೆ ಎರಡು ಮುಖ ಬದಲಿಸುವ ಕೆಲಸ ಬಂತು. ಒಂದನ್ನು ಕೈಯಲ್ಲೇ ಮಾಡಿದೆ, ಇನ್ನೊಂದಕ್ಕೆ ಎಐ ಮಾಡೆಲ್ ಬಳಸಿದೆ. ಎರಡರಲ್ಲೂ ಮೊದಲು ಹಿಡಿದ ದಾರಿ ತಪ್ಪಾಗಿತ್ತು.

ಮೊದಲನೆಯದು ಅಜ್ಜನ ಮುಖ. ನಲವತ್ತೆರಡು ಜನರ ಫೋಟೋ, ಅಜ್ಜ ಮುಂದಿನ ಸಾಲಿನಲ್ಲಿ ರುಮಾಲು ಸುತ್ತಿ ಕೂತಿದ್ದರು. ಮದುಮಕ್ಕಳು ಚೆನ್ನಾಗಿ ಬಂದ ಎರಡನೇ ಫ್ರೇಮಿನಲ್ಲಿ ಅಜ್ಜನ ಕಣ್ಣು ಮುಚ್ಚಿದ್ದವು. ನಾಲ್ಕನೇ ಫ್ರೇಮಿನಲ್ಲಿ ತೆರೆದಿದ್ದವು, ಆದರೆ ಮದುಮಗಳು ಎತ್ತಲೋ ನೋಡುತ್ತಿದ್ದಳು.

ಆಗಷ್ಟೇ ಮುಖ ಬದಲಿಸುವ ಎಐ ಮಾಡೆಲ್ inswapper_128.onnx ಹಾಕಿಕೊಂಡು ಆಟ ಆಡುತ್ತಿದ್ದೆ. ಎರಡು ನಿಮಿಷದ ಕೆಲಸ ಅಂದುಕೊಂಡು ನಾಲ್ಕನೇ ಫ್ರೇಮಿನ ಅಜ್ಜನನ್ನು ಎರಡನೇ ಫ್ರೇಮಿಗೆ ಹಾಕಿದೆ. ಮುಖ ಬದಲಾಯಿತು, ಕಣ್ಣು ಮಾತ್ರ ಮುಚ್ಚೇ ಇದ್ದವು! ಆಮೇಲೆ ತಲೆಗೆ ಹೊಳೆಯಿತು. ಈ ಮಾಡೆಲ್ ಮೂಲ ಫೋಟೋದಿಂದ ತೆಗೆದುಕೊಳ್ಳುವುದು 'ಇವರು ಯಾರು' ಅನ್ನುವುದನ್ನು ಮಾತ್ರ. ಕಣ್ಣು, ಬಾಯಿ, ತಲೆ ತಿರುಗಿದ ರೀತಿ, ಬೆಳಕು ಎಲ್ಲ ಹಾಕುವ ಜಾಗದ ಮುಖದ್ದೇ. ಅಜ್ಜನ ಮೇಲೆ ಅಜ್ಜನನ್ನೇ ಹಾಕಿದರೆ ಏನೂ ಸಿಗುವುದಿಲ್ಲ. ಮೇಲಾಗಿ ಹಣೆಯ ವಿಭೂತಿಯ ಮೂರು ಪಟ್ಟೆ ಕಲಸಿದ ಸುಣ್ಣದಂತಾಗಿದ್ದವು.

ಸರಿ, ಫೋಟೋಶಾಪ್ ತೆರೆದೆ. ಎರಡು ಫ್ರೇಮನ್ನೂ ಲೇಯರ್ ಮಾಡಿ `Edit > Auto-Align Layers` ಕೊಟ್ಟೆ. ನಾಲ್ಕನೇ ಫ್ರೇಮನ್ನು ಮೇಲಿಟ್ಟು, ಕಪ್ಪು ಮಾಸ್ಕ್ ಹಾಕಿ, ಮೆತ್ತನೆ ಬಿಳಿ ಬ್ರಷ್‌ನಿಂದ ಹುಬ್ಬಿನಿಂದ ಮೀಸೆಯವರೆಗೆ ಮಾತ್ರ ತೆರೆದೆ. ರುಮಾಲು, ವಿಭೂತಿ, ಕಿವಿ ಎಲ್ಲ ಎರಡನೇ ಫ್ರೇಮಿನವೇ ಉಳಿದವು. ಮುಖ ಪೂರ್ತಿ ಕತ್ತರಿಸಿದ್ದರೆ ರುಮಾಲಿನ ಅಂಚಿನಲ್ಲೇ ಅರ್ಧ ದಿನ ಹೋಗುತ್ತಿತ್ತು.

ನಡುವೆ ಮೋಡ ಸರಿದಿದ್ದರಿಂದ ನಾಲ್ಕನೇ ಫ್ರೇಮಿನ ಚರ್ಮ ಸ್ವಲ್ಪ ಬೆಳ್ಳಗಿತ್ತು. ಇದನ್ನು ಬಣ್ಣದಲ್ಲಿ ನೋಡಿದರೆ ಕಣ್ಣು ಮೋಸ ಹೋಗುತ್ತದೆ. ಎಲ್ಲಕ್ಕಿಂತ ಮೇಲೆ ತಾತ್ಕಾಲಿಕವಾಗಿ ಒಂದು ಬ್ಲ್ಯಾಕ್ ಆಂಡ್ ವೈಟ್ ಲೇಯರ್ ಇಟ್ಟೆ. ಕೆನ್ನೆಯ ಮೇಲೆ ಪಟ್ಟಿ ಕಂಡಿತು. ನಾಲ್ಕನೇ ಫ್ರೇಮಿನ ಲೇಯರಿಗೆ ಮಾತ್ರ ಕರ್ವ್ಸ್ ಕೊಟ್ಟು ಪಟ್ಟಿ ಮಾಯವಾಗುವವರೆಗೆ ಬೆಳಕು ಇಳಿಸಿದೆ. ಒಟ್ಟು ಇಪ್ಪತ್ತೈದು ನಿಮಿಷ.

ಎರಡನೆಯದು ಮದುಮಗಳ ಅಣ್ಣ. ಫೌಜಿ, ರಜೆ ಸಿಕ್ಕಿರಲಿಲ್ಲ. ಮನೆಯವರು ಮೊದಲೇ ಯೋಚನೆ ಮಾಡಿ ಅದೇ ಮೈಕಟ್ಟಿನ ಚಿಕ್ಕಪ್ಪನ ಮಗನನ್ನು ಹಿಂದಿನ ಸಾಲಿನಲ್ಲಿ ಅವನ ಬದಲು ನಿಲ್ಲಿಸಿದ್ದರು. ಇಬ್ಬರ ಒಪ್ಪಿಗೆಯನ್ನೂ ನಾನೇ ಫೋನ್ ಮಾಡಿ ಕೇಳಿಕೊಂಡೆ.

ಅಜ್ಜನ ಕೆಲಸ ಗೆದ್ದ ಹುಮ್ಮಸ್ಸಿನಲ್ಲಿ ಇದನ್ನೂ ಕೈಯಲ್ಲೇ ಶುರು ಮಾಡಿದೆ. ವಾಟ್ಸಾಪ್‌ನಲ್ಲಿ ಬಂದ ಫೋಟೋದಲ್ಲಿ ಅಣ್ಣ ನೇರ ನೋಡುತ್ತಿದ್ದ, ಬೆಳಕು ಎಡಗಡೆಯ ಕಿಟಕಿಯದು. ಗ್ರೂಪ್ ಫೋಟೋದಲ್ಲಿ ಹುಡುಗನ ತಲೆ ಓರೆ, ಬಿಸಿಲು ಬಲಗಡೆಯಿಂದ. ಬಣ್ಣ ಹೊಂದಿಸಿದೆ, ವಾರ್ಪ್‌ನಿಂದ ಎಳೆದಾಡಿದೆ. ಮೂಗಿನ ನೆರಳು ಮಾತ್ರ ತಪ್ಪು ಕಡೆಗೇ ಬಿದ್ದಿತ್ತು. ನೆರಳನ್ನು ಅಳಿಸಿ ಹೊಸದಾಗಿ ಬರೆಯುವುದೆಂದರೆ ಚಿತ್ರಕಾರನ ಕೆಲಸ, ನನಗೆ ಆ ಕೈ ಇಲ್ಲ. ಎರಡು ತಾಸು ಸುಮ್ನೆ ಹೋಯಿತು.

ಅಜ್ಜನ ವಿಷಯದಲ್ಲಿ ಕೈಕೊಟ್ಟ ಗುಣವೇ ಇಲ್ಲಿ ಬೇಕಾಗಿತ್ತು ಅಲ್ವಾ? ಮಾಡೆಲ್ ಓಡಿಸಿದೆ. ಓರೆ ನೋಟ, ಬಲಗಡೆಯ ಬಿಸಿಲು ಹಾಗೇ ಉಳಿದು ಮುಖ ಅಣ್ಣನದಾಯಿತು. ಹೆಸರಿನಲ್ಲೇ ಇರುವಂತೆ ಅದು ಕೊಡುವುದು 128 ಪಿಕ್ಸೆಲ್ ಅಗಲ, 128 ಪಿಕ್ಸೆಲ್ ಎತ್ತರದ ತುಣುಕು. ಹಿಂದಿನ ಸಾಲಿನ ಆ ಮುಖ ಸುಮಾರು 150 ಪಿಕ್ಸೆಲ್ ಇತ್ತು, ಹಾಗಾಗಿ ಮಸುಕು ಗೊತ್ತಾಗಲಿಲ್ಲ. ಮುಂದಿನ ಸಾಲಿನದಾಗಿದ್ದರೆ ಗೊತ್ತಾಗುತ್ತಿತ್ತು. ಆಗ ಮುಖ ಚುರುಕು ಮಾಡುವ GFPGAN ಹಾಕಬೇಕು, ಅದು ಚರ್ಮವನ್ನು ಮೇಣದಂತೆ ನುಣುಪು ಮಾಡುತ್ತದೆ.

ತೋರಿಸಿದಾಗ ಅವನ ಅವ್ವ ಮೊದಲು ಕೇಳಿದ್ದು, "ತಮ್ಮಾ, ಹುಬ್ಬಿನ ಮ್ಯಾಲಿನ ಮಚ್ಚಿ ಎಲ್ಲಿ ಹೋತು?" ಮಾಡೆಲ್ ಮಚ್ಚೆ ತಂದಿರಲಿಲ್ಲ. ವಾಟ್ಸಾಪ್ ಫೋಟೋದಿಂದ ಮಚ್ಚೆಯನ್ನಷ್ಟೇ ಕತ್ತರಿಸಿ ಕೂರಿಸಿದೆ. ಗದ್ದದ ಆಕಾರ ಇನ್ನೂ ಚಿಕ್ಕಪ್ಪನ ಮಗನದೇ, ಅದನ್ನು ನಾನೇ ಹೇಳಿದೆ. ಅವರು ಪರವಾಗಿಲ್ಲ ಅಂದರು.

ಆಮೇಲೆ ಆ ಮಾಡೆಲ್‌ನ ಲೈಸೆನ್ಸ್ ಓದಿದೆ. ವ್ಯಾಪಾರಕ್ಕಲ್ಲ, ಸಂಶೋಧನೆಗೆ ಮಾತ್ರ ಎಂದಿತ್ತು. ಮೊದಲೇ ಓದಬೇಕಿತ್ತು. ಅಣ್ಣನ ಮುಖದ ದುಡ್ಡನ್ನು ಬಿಲ್ಲಿನಿಂದ ತೆಗೆದೆ. ಈಗ ದುಡ್ಡಿನ ಕೆಲಸಕ್ಕೆ ಅದನ್ನು ಮುಟ್ಟುವುದಿಲ್ಲ. ಗ್ರೂಪ್ ಫೋಟೋಗೆ ಐದರ ಬದಲು ಎಂಟು ಫ್ರೇಮ್ ಹೊಡೆಯುತ್ತೇನೆ.

ವಾರದ ನಂತರ ಅವರೇ ಮತ್ತೆ ಬಂದು, ಅಣ್ಣನೊಬ್ಬನನ್ನೇ ಕತ್ತರಿಸಿ ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡಿ ಅಂದರು. ಸ್ಕ್ರೀನ್ ಮೇಲೆ ಜೂಮ್ ಮಾಡಿ ತೋರಿಸಿದೆ. ಕಣ್ಣಿನ ರೆಪ್ಪೆ ಇರಬೇಕಾದಲ್ಲಿ ಬರೀ ಕಪ್ಪು ಮಸಿ ಇತ್ತು. ರಜೆಗೆ ಬಂದಾಗ ಕರೆದುಕೊಂಡು ಬನ್ನಿ, ಹೊಸದಾಗಿ ತೆಗೆಯೋಣ ಎಂದೆ.